ಬಿಳಿ ಅಂಗಿಗೆ ಮೆರೂನ್ ಯಾಕೆ ಹತ್ತುವುದಿಲ್ಲ?

ಬಿಳಿ ಅಂಗಿ ತೊಟ್ಟವನ ಫೋಟೊ ಇದೆ. ಅಂಗಿ ಮೆರೂನ್ ಆಗಬೇಕು. ಫೋಟೊಶಾಪ್‌ನಲ್ಲಿ ಅಂಗಿಯಷ್ಟನ್ನೇ ಆಯ್ದು, ಮೇಲೊಂದು ಲೇಯರ್ ಮಾಡಿ, ಅದಕ್ಕೆ ಮೆರೂನ್ ಬಳಿದಾಯಿತು. ಇನ್ನು ಬ್ಲೆಂಡ್ ಮೋಡ್ ಪಟ್ಟಿ ತೆರೆದರೆ ಎರಡು ಡಜನ್‌ಗೂ ಹೆಚ್ಚು ಹೆಸರುಗಳು. ಬಣ್ಣ ಬದಲಿಸುವ ಕೆಲಸ ತಾನೇ ಎಂದು ‘ಕಲರ್’ ಒತ್ತಿದರೆ ಅಂಗಿ ಮೆರೂನ್ ಆಗುವುದಿಲ್ಲ, ಹತ್ತು ಸಲ ಒಗೆದ ಗುಲಾಬಿ ಬಟ್ಟೆಯ ಹಾಗೆ ತೆಳ್ಳಗೆ ಕಾಣುತ್ತದೆ. ಮೆರೂನನ್ನು ಇನ್ನಷ್ಟು ಕಡು ಮಾಡಿದರೂ ಗುಲಾಬಿ ಗುಲಾಬಿಯಾಗಿಯೇ ಉಳಿಯುತ್ತದೆ.

ಈ ಕೆಲಸ ಈಗ ಸಿನಿಮಾ ಪೋಸ್ಟರ್ ಮಾಡುವವರದ್ದು ಮಾತ್ರವಲ್ಲ. ಒಂದೇ ವಿನ್ಯಾಸದ ಸೀರೆ ಆರು ಬಣ್ಣದಲ್ಲಿ ಸಿಗುತ್ತದೆಂದು ವಾಟ್ಸಾಪ್‌ನಲ್ಲಿ ತೋರಿಸಬೇಕಾದ ಅಂಗಡಿಯವರು, ಮದುವೆ ಆಲ್ಬಮ್ ಮಾಡುವ ಸ್ಟುಡಿಯೊದವರು, ಗ್ರೂಪ್ ಫೋಟೊದಲ್ಲಿ ಒಬ್ಬನ ಟೀ ಶರ್ಟ್ ಮಾತ್ರ ಬೇರೆಯಾಗಿದೆ ಎಂದು ತಲೆ ಕೆಡಿಸಿಕೊಂಡವರು, ಎಲ್ಲರೂ ಇದನ್ನು ಮಾಡುತ್ತಾರೆ. ಹೆಚ್ಚಿನವರು ಪಟ್ಟಿಯ ಹೆಸರುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಕಣ್ಣಿಗೆ ಸರಿ ಕಂಡದ್ದನ್ನು ಇಟ್ಟುಕೊಳ್ಳುತ್ತಾರೆ. ಅಷ್ಟು ಹುಡುಕಾಡಬೇಕಿಲ್ಲ. ಬಟ್ಟೆಯ ಕೆಲಸಕ್ಕೆ ಮುಖ್ಯವಾಗಿ ಬೇಕಾಗುವವು ನಾಲ್ಕೇ ಮೋಡ್‌ಗಳು: ಕಲರ್, ಹ್ಯೂ, ಮಲ್ಟಿಪ್ಲೈ, ಸಾಫ್ಟ್ ಲೈಟ್. ಅವುಗಳಲ್ಲಿ ಯಾವುದು ಎನ್ನುವುದನ್ನು ತೀರ್ಮಾನಿಸುವುದು ಹೊಸ ಬಣ್ಣಕ್ಕಿಂತ ಹೆಚ್ಚಾಗಿ ಹಳೆಯ ಬಟ್ಟೆಯ ಬೆಳಕಿನ ಮಟ್ಟ.

ಬ್ಲೆಂಡ್ ಮೋಡ್ ಎಂದರೆ ಬರೀ ಲೆಕ್ಕ. ಡಿಜಿಟಲ್ ಚಿತ್ರದ ಪ್ರತಿ ಚುಕ್ಕೆಗೂ ಮೂರು ಅಂಕಿಗಳಿರುತ್ತವೆ, ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು. ಸಾಮಾನ್ಯ ಚಿತ್ರಗಳಲ್ಲಿ ಒಂದೊಂದೂ 0ಯಿಂದ 255ರವರೆಗೆ ಹೋಗುತ್ತದೆ. ಮೂರೂ 255 ಇದ್ದರೆ ಬಿಳಿ, ಮೂರೂ 0 ಇದ್ದರೆ ಕಪ್ಪು. ಫೋಟೊಶಾಪ್‌ಗೆ ಲೇಯರ್‌ಗಳು ಬಂದದ್ದು 1994ರ ಮೂರನೇ ಆವೃತ್ತಿಯಲ್ಲಿ. ಮೇಲಿನ ಲೇಯರ್ ಕೆಳಗಿನದನ್ನು ಸುಮ್ಮನೆ ಮುಚ್ಚಿದರೆ ಅದು ‘ನಾರ್ಮಲ್’. ಉಳಿದ ಮೋಡ್‌ಗಳಲ್ಲಿ ಕೆಳಗಿನ ಮೂರು ಅಂಕಿ, ಮೇಲಿನ ಮೂರು ಅಂಕಿ ಸೇರಿ ಒಂದು ಸೂತ್ರದ ಪ್ರಕಾರ ಹೊಸ ಮೂರು ಅಂಕಿ ಹುಟ್ಟುತ್ತವೆ. ಸೂತ್ರ ಗೊತ್ತಾದರೆ ಫಲಿತಾಂಶವನ್ನು ಮೊದಲೇ ಹೇಳಬಹುದು. ಬ್ರೌಸರ್‌ನಲ್ಲೇ ನಡೆಯುವ ಫೋಟೊಪಿಯ, ಉಚಿತವಾಗಿ ಸಿಗುವ ಗಿಂಪ್ ಮತ್ತು ಕ್ರಿಟಗಳಲ್ಲೂ ಇವೇ ಮೋಡ್‌ಗಳಿವೆ. ಹೆಸರಿನಲ್ಲಿ, ಅಂಕಿಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಇರಬಹುದು, ನಡವಳಿಕೆ ಒಂದೇ.

ಕಲರ್ ಮೋಡ್‌ನ ಮೂಲ ವಿಚಾರ ಟೀವಿಯಿಂದ ಬಂದದ್ದು. 1953ರಲ್ಲಿ ಅಮೆರಿಕದಲ್ಲಿ ಬಣ್ಣದ ಪ್ರಸಾರಕ್ಕೆ ಮಾನದಂಡ ಒಪ್ಪಿಗೆಯಾದಾಗ ಮನೆಮನೆಯಲ್ಲಿದ್ದ ಕಪ್ಪು ಬಿಳುಪು ಸೆಟ್‌ಗಳನ್ನು ಎಸೆಯುವ ಹಾಗಿರಲಿಲ್ಲ. ಹಾಗಾಗಿ ಚಿತ್ರದ ಬೆಳಕನ್ನು ಒಂದು ಕಡೆ, ಬಣ್ಣವನ್ನು ಇನ್ನೊಂದು ಕಡೆ ಬೇರ್ಪಡಿಸಿ ಕಳಿಸಿದರು. ಹಳೆಯ ಸೆಟ್ ಬೆಳಕನ್ನಷ್ಟೇ ಓದಿಕೊಳ್ಳುತ್ತಿತ್ತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಭಾರತಕ್ಕೆ ಬಣ್ಣದ ಪ್ರಸಾರ ಬಂದಾಗ, ಕಪ್ಪು ಬಿಳುಪು ಸೆಟ್ ಇದ್ದ ಮನೆಗಳಲ್ಲೂ ಚಿತ್ರ ಸರಿಯಾಗಿ ಕಂಡದ್ದು ಇದೇ ಉಪಾಯದಿಂದ. ಬೆಳಕನ್ನು ಅಳೆಯುವ ಲೆಕ್ಕದಲ್ಲಿ ಹಸಿರಿಗೆ ಸುಮಾರು 59 ಪಾಲು, ಕೆಂಪಿಗೆ 30, ನೀಲಿಗೆ 11. ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿ, ನೀಲಿ ಕಡಿಮೆ ಬೆಳಕಾಗಿ ಕಾಣುವುದರಿಂದ ಈ ಪಾಲು. ಬ್ಲೆಂಡ್ ಮೋಡ್‌ಗಳು ಇವತ್ತಿಗೂ ಇದೇ ಪಾಲನ್ನು ಬಳಸುತ್ತವೆ.

ಕಲರ್ ಮೋಡ್ ಮಾಡುವುದು ಇಷ್ಟು: ಕೆಳಗಿನ ಬಟ್ಟೆಯಿಂದ ಬೆಳಕನ್ನು ತೆಗೆದುಕೊಳ್ಳುತ್ತದೆ, ಮೇಲೆ ಬಳಿದ ಬಣ್ಣದಿಂದ ವರ್ಣವನ್ನೂ ಅದರ ತೀವ್ರತೆಯನ್ನೂ ತೆಗೆದುಕೊಳ್ಳುತ್ತದೆ. ಬಳಿದ ಬಣ್ಣ ಎಷ್ಟು ಕಪ್ಪಾಗಿತ್ತು, ಎಷ್ಟು ಬೆಳ್ಳಗಿತ್ತು ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಬಿಳಿ ಅಂಗಿಯ ಬೆಳಕು ಬಿದ್ದ ಭಾಗ 230, 228, 225 ಎಂದಿಟ್ಟುಕೊಳ್ಳಿ. ಬೆಳಕಿನ ಮಟ್ಟ ಸುಮಾರು 228. ಬಳಿದ ಮೆರೂನ್ 128, 0, 32. ಅದರ ಮಟ್ಟ ಬರೀ 42. ಅಂಗಿಯ 228 ಹಾಗೇ ಉಳಿಯಬೇಕು, ಮೆರೂನಿನ ವರ್ಣವೂ ಬರಬೇಕು ಎಂದರೆ ಸಿಗುವುದು ಸುಮಾರು 255, 215, 225. ಇದೇ ಆ ತೆಳು ಗುಲಾಬಿ. ಅಷ್ಟು ಬೆಳಕಿರುವ ಮೆರೂನ್ ಎಂಬ ಬಣ್ಣವೇ ಇಲ್ಲವಾದ್ದರಿಂದ ಸಾಫ್ಟ್‌ವೇರ್ ಕೂಡ ಅದನ್ನು ಕೊಡಲಾರದು.

ಬಿಳಿ ಅಂಗಿಗೆ ಬೇಕಾದದ್ದು ಮಲ್ಟಿಪ್ಲೈ. ಇದರ ಲೆಕ್ಕ ಅದರ ಹೆಸರಲ್ಲೇ ಇದೆ. ಮೇಲಿನ ಅಂಕಿಯನ್ನು ಕೆಳಗಿನದರಿಂದ ಗುಣಿಸಿ 255ರಿಂದ ಭಾಗಿಸುವುದು, ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆಬೇರೆಯಾಗಿ. ಕೆಳಗೆ ಅಪ್ಪಟ ಬಿಳಿ ಇದ್ದರೆ ಬಳಿದ ಬಣ್ಣವೇ ಬರುತ್ತದೆ, ಕಪ್ಪಿದ್ದರೆ ಕಪ್ಪೇ ಉಳಿಯುತ್ತದೆ. ಫೋಟೊ ಮೇಲೆ ಬಣ್ಣದ ಗಾಜಿನ ಕಾಗದ ಇಟ್ಟ ಹಾಗೆ. ಮೊದಲಿನ ಅಂಗಿಗೇ ಲೆಕ್ಕ ಹಾಕಿದರೆ ಬೆಳಕಿನ ಭಾಗ ಸುಮಾರು 115, 0, 28 ಆಗುತ್ತದೆ. ಮಡಿಕೆಯ ನೆರಳಿನಲ್ಲಿ ಬಟ್ಟೆ 150, 148, 145 ಇದ್ದರೆ ಅದು 75, 0, 18 ಆಗುತ್ತದೆ. ಮೊದಲು ಬೆಳಕಿಗೂ ನೆರಳಿಗೂ ಇದ್ದ ಅನುಪಾತವೇ ಈಗಲೂ ಇದೆ. ಆದ್ದರಿಂದಲೇ ಮಡಿಕೆ, ಹೊಲಿಗೆ, ಕಾಲರಿನ ಅಂಚು ಎಲ್ಲವೂ ಉಳಿದುಕೊಂಡು ಅಂಗಿ ನಿಜವಾಗಿ ಮೆರೂನ್ ಕಾಣುತ್ತದೆ.

ಆದರೂ ಕೆಲವು ಅಂಗಿಗಳ ಮೇಲೆ ಮಲ್ಟಿಪ್ಲೈ ಹಾಕಿದರೆ ಬಳಿದದ್ದೊಂದು ಬಣ್ಣ, ಬಂದದ್ದೊಂದು ಬಣ್ಣ ಆಗುತ್ತದೆ. ಕಾರಣ ಸಾಮಾನ್ಯವಾಗಿ ಬಲ್ಬಿನ ಹಳದಿ ಬೆಳಕು. ಮನೆಯೊಳಗೆ ತೆಗೆದ ಫೋಟೊದಲ್ಲಿ ಬಿಳಿ ಅಂಗಿ 240, 220, 180 ಇರಬಹುದು. ಕಣ್ಣು ಅದನ್ನು ಬಿಳಿ ಎಂದೇ ಒಪ್ಪಿಕೊಂಡಿರುತ್ತದೆ, ಲೆಕ್ಕ ಒಪ್ಪಿಕೊಳ್ಳುವುದಿಲ್ಲ. ಅದರ ಮೇಲೆ 135, 206, 235ರ ಆಕಾಶ ನೀಲಿ ಬಳಿದರೆ ಬರುವುದು 127, 178, 166. ನೀಲಿ ಹೋಗಿ ಹಸಿರು ಮೇಲುಗೈ ಆಯಿತು.

ಹಾಗಾಗಿ ಅನುಭವಸ್ಥರು ಬಣ್ಣ ಬಳಿಯುವ ಮೊದಲು ಬಟ್ಟೆಯನ್ನು ಸಿದ್ಧ ಮಾಡಿಕೊಳ್ಳುತ್ತಾರೆ. ಅಂಗಿಯನ್ನು ಆಯ್ದು ಒಂದು ಗ್ರೂಪ್ ಮಾಡಿ, ಆ ಗ್ರೂಪಿಗೇ ಮಾಸ್ಕ್ ಹಾಕುತ್ತಾರೆ. ಅದರೊಳಗೆ ಎಲ್ಲಕ್ಕಿಂತ ಕೆಳಗೆ ಹ್ಯೂ ಸ್ಯಾಚುರೇಶನ್ ಅಡ್ಜಸ್ಟ್‌ಮೆಂಟ್ ಇಟ್ಟು ಸ್ಯಾಚುರೇಶನ್ ಅನ್ನು −100ಕ್ಕೆ ಇಳಿಸುತ್ತಾರೆ. ಅಂಗಿಯ ಹಳದಿ ಹೋಗಿ ಬರೀ ಬೂದು ಬಿಳಿ ಉಳಿಯುತ್ತದೆ. ಅದರ ಮೇಲೆ ಲೆವೆಲ್ಸ್ ಇಟ್ಟು, ಬಿಳಿಯ ಗುಂಡಿಯನ್ನು ಎಡಕ್ಕೆ ಸರಿಸಿ, ಅಂಗಿಯ ಅತಿ ಬೆಳಕಿನ ಭಾಗ 245ರ ಆಸುಪಾಸಿಗೆ ಬರುವಂತೆ ನೋಡಿಕೊಳ್ಳುತ್ತಾರೆ. ಕೊನೆಗೆ ಮೇಲೆ ಸಾಲಿಡ್ ಕಲರ್ ಲೇಯರ್, ಅದಕ್ಕೆ ಮಲ್ಟಿಪ್ಲೈ. ಬಣ್ಣ ಕಡು ಎನಿಸಿದರೆ ಸಾಲಿಡ್ ಕಲರ್ ಮೇಲೆ ಎರಡು ಸಲ ಒತ್ತಿ ತಿಳಿ ಮಾಡಿಕೊಳ್ಳಬಹುದು, ಮತ್ತೆ ಬಳಿಯುವ ತಾಪತ್ರಯವಿಲ್ಲ.

ಇಲ್ಲಿ ಒಂದು ಕಡೆ ತುಂಬ ಜನ ಎಡವುತ್ತಾರೆ. ಗ್ರೂಪಿಗೂ ತನ್ನದೇ ಮೋಡ್ ಇರುತ್ತದೆ, ಅದು ‘ಪಾಸ್ ಥ್ರೂ’ ಆಗಿಯೇ ಇರಬೇಕು. ಅದನ್ನು ನಾರ್ಮಲ್ ಮಾಡಿದರೆ ಒಳಗಿನ ಮಲ್ಟಿಪ್ಲೈಗೆ ಗ್ರೂಪಿನ ಹೊರಗಿರುವ ಫೋಟೊ ಕಾಣುವುದೇ ಇಲ್ಲ. ಗುಣಿಸಲು ಕೆಳಗೆ ಏನೂ ಸಿಗದೆ ಬಣ್ಣ ಹಾಗೇ ಮೆತ್ತಿಕೊಳ್ಳುತ್ತದೆ. ಮಡಿಕೆಗಳೆಲ್ಲ ಮಾಯವಾಗಿ ಅಂಗಿ ರಟ್ಟಿನಲ್ಲಿ ಕತ್ತರಿಸಿದಂತೆ ಕಂಡರೆ ಮೊದಲು ನೋಡಬೇಕಾದದ್ದು ಇದನ್ನೇ.

ಬಿಳಿ ಸ್ಯಾಟಿನ್ ಅಥವಾ ರೇಷ್ಮೆಯಾದರೆ ಇನ್ನೊಂದು ತೊಡಕು ಬರುತ್ತದೆ. ರೇಷ್ಮೆಯ ಮಿಂಚು ಬಟ್ಟೆಯ ಬಣ್ಣದ್ದಲ್ಲ, ಹೆಚ್ಚಾಗಿ ಅದರ ಮೇಲೆ ಬಿದ್ದ ಬೆಳಕಿನ ಬಣ್ಣದ್ದು. ಮಲ್ಟಿಪ್ಲೈ ಆ ಮಿಂಚನ್ನೂ ಬಿಡದೆ ಮೆರೂನ್ ಮಾಡುವುದರಿಂದ ರೇಷ್ಮೆ ಹತ್ತಿಯಾಗಿಬಿಡುತ್ತದೆ. ಆಗ ಮೂಲ ಬಟ್ಟೆಯ ಇನ್ನೊಂದು ಪ್ರತಿಯನ್ನು ಎಲ್ಲಕ್ಕಿಂತ ಮೇಲಿಟ್ಟು, ಬಣ್ಣ ತೆಗೆದು, ಲೆವೆಲ್ಸ್‌ನಲ್ಲಿ ಅತಿ ಬೆಳಕಿನ ಗೆರೆಗಳು ಮಾತ್ರ ಉಳಿದು ಮಿಕ್ಕದ್ದೆಲ್ಲ ಕಪ್ಪಾಗುವ ಹಾಗೆ ಮಾಡಿ, ‘ಸ್ಕ್ರೀನ್’ ಮೋಡ್‌ನಲ್ಲಿ ಹಗುರವಾಗಿ ಬಿಡಬೇಕು. ಕಪ್ಪು ಭಾಗ ಸ್ಕ್ರೀನ್‌ನಲ್ಲಿ ಏನೂ ಮಾಡುವುದಿಲ್ಲ, ಮಿಂಚಷ್ಟೇ ವಾಪಸ್ ಬರುತ್ತದೆ.

ಹಾಗಾದರೆ ಕಲರ್ ಮೋಡ್ ಯಾವಾಗ ಬೇಕು? ಬಟ್ಟೆಗೆ ಆಗಲೇ ಒಂದು ಬಣ್ಣವಿದ್ದು, ಬರಬೇಕಾದ ಬಣ್ಣವೂ ಹೆಚ್ಚುಕಡಿಮೆ ಅಷ್ಟೇ ಬೆಳಕಿನದಾದಾಗ. 180, 40, 50 ಇರುವ ಕೆಂಪು ಕುರ್ತಾವನ್ನು 0, 128, 64ರ ಹಸಿರಿಗೆ ತರಬೇಕಿದೆ ಎನ್ನಿ. ಕೆಂಪಿನ ಬೆಳಕಿನ ಮಟ್ಟ 83, ಹಸಿರಿನದೂ 83. ಕಲರ್ ಮೋಡ್ ಹಾಕಿದ ಕ್ಷಣ ಬೇಕಾದ ಹಸಿರು ಬಂದು ಕೂರುತ್ತದೆ. ಇಲ್ಲಿ ಮಲ್ಟಿಪ್ಲೈ ಹಾಕಿದರೆ ಕೆಂಪೂ ಹಸಿರೂ ಒಂದನ್ನೊಂದು ತಿಂದು ಹೆಚ್ಚುಕಡಿಮೆ ಕಪ್ಪು ಸಿಗುತ್ತದೆ.

ಈ ಕುರ್ತಾಗೆ ಹ್ಯೂ ಮೋಡ್ ಹಾಕಿದರೂ ಬರುವ ಹಸಿರು ಅದೇ. ಹ್ಯೂ ಮೇಲಿನ ಬಣ್ಣದಿಂದ ವರ್ಣವನ್ನು ಮಾತ್ರ ತೆಗೆದುಕೊಂಡು, ತೀವ್ರತೆ ಮತ್ತು ಬೆಳಕು ಎರಡನ್ನೂ ಬಟ್ಟೆಯದನ್ನೇ ಇಟ್ಟುಕೊಳ್ಳುತ್ತದೆ. ಈ ಕೆಂಪೂ ಹಸಿರೂ ತೀವ್ರತೆಯಲ್ಲಿ ಹತ್ತಿರ ಹತ್ತಿರ ಇರುವುದರಿಂದ ಕುರ್ತಾದ ಬಯಲಿನಲ್ಲಿ ಎರಡು ಮೋಡ್‌ಗಳಿಗೂ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಕಾಣುವುದು ಕುತ್ತಿಗೆಯ ಸುತ್ತ ಇರುವ ಬಿಳಿ ದಾರದ ಕಸೂತಿಯಲ್ಲಿ. ನೆರಳಿಗೆ ಬಿದ್ದ ಬಿಳಿ ದಾರ ಫೋಟೊದಲ್ಲಿ 150, 150, 150 ಎಂಬ ಬೂದು ಆಗಿರುತ್ತದೆ. ಕಲರ್ ಮೋಡ್ ಅದನ್ನು 67, 195, 131 ಮಾಡಿ, ಗಿಣಿ ಹಸಿರಿನ ಹೊಸ ಕಸೂತಿಯನ್ನೇ ಹಾಕಿಬಿಡುತ್ತದೆ. ಹ್ಯೂ ಅದನ್ನು ಮುಟ್ಟುವುದಿಲ್ಲ. ಬೂದಿನಲ್ಲಿ ಬಣ್ಣದ ತೀವ್ರತೆ ಸೊನ್ನೆ, ಸೊನ್ನೆಯನ್ನು ಯಾವ ವರ್ಣಕ್ಕೆ ತಿರುಗಿಸಿದರೂ ಸೊನ್ನೆಯೇ. ಬಿಳಿ ಗುಂಡಿ, ಕಪ್ಪು ಚೌಕಳಿ, ಬೂದು ಅಚ್ಚು ಇರುವ ಬಟ್ಟೆಗಳಲ್ಲಿ ಗಂಟೆಗಟ್ಟಲೆ ಮಾಸ್ಕ್ ಕೊರೆಯುವ ಕೆಲಸವನ್ನು ಹ್ಯೂ ಉಳಿಸುವುದು ಹೀಗೆ.

ಅದೇ ಗುಣ ಬೇರೆ ಕಡೆ ದೋಷವೂ ಹೌದು. ಬಿಳಿ ಅಂಗಿಗೋ ಬೂದು ಪ್ಯಾಂಟಿಗೋ ಹ್ಯೂ ಹಾಕಿದರೆ ಏನೂ ಆಗುವುದಿಲ್ಲ, ಮೋಡ್ ಕೆಟ್ಟಿದೆಯೇನೋ ಎನ್ನುವಷ್ಟು. ಕಡು ಕೆಂಪು ಬಟ್ಟೆಯನ್ನು ಮಂಕಾದ ಮಣ್ಣಿನ ಬಣ್ಣಕ್ಕೆ ತರಲು ಹೋದರೂ ಹ್ಯೂ ಸೋಲುತ್ತದೆ. ಕೆಂಪಿನ ತೀವ್ರತೆ ಹಾಗೇ ಉಳಿದು, ಮಣ್ಣಿನ ಬಣ್ಣದ ಬದಲು ಕಣ್ಣಿಗೆ ಹೊಡೆಯುವ ಕಂದು ಬರುತ್ತದೆ. ಮಂಕು ಬಣ್ಣ ಬೇಕಿದ್ದರೆ ಕಲರ್ ಮೋಡೇ ಸರಿ.

ರೇಷ್ಮೆ ಸೀರೆಯವರು ಗಮನಿಸಬೇಕಾದ ಒಂದು ವಿಷಯವಿದೆ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ಸೀರೆ ಒಂದು ಕಡೆಯಿಂದ ನೇರಳೆ, ಇನ್ನೊಂದು ಕಡೆಯಿಂದ ಕೆಂಪು ಮಿನುಗುತ್ತದೆ. ಕಲರ್ ಆಗಲಿ ಹ್ಯೂ ಆಗಲಿ ಇಡೀ ಸೀರೆಗೆ ಒಂದೇ ವರ್ಣ ಹೇರುವುದರಿಂದ ಆ ಎರಡು ಬಣ್ಣದ ಆಟ ಸತ್ತುಹೋಗುತ್ತದೆ. ಅಂಥ ಸೀರೆಗೆ ಬ್ಲೆಂಡ್ ಮೋಡ್ ಬೇಡ. ಹ್ಯೂ ಸ್ಯಾಚುರೇಶನ್ ಅಡ್ಜಸ್ಟ್‌ಮೆಂಟ್‌ನಲ್ಲಿ ಹ್ಯೂ ಗುಂಡಿಯನ್ನು ಸರಿಸಿದರೆ ಎರಡೂ ವರ್ಣಗಳು ತಮ್ಮ ನಡುವಿನ ಅಂತರ ಉಳಿಸಿಕೊಂಡು ಜೊತೆಯಾಗಿ ತಿರುಗುತ್ತವೆ. ಜರಿ ಅಂಚನ್ನು ಮಾತ್ರ ಮಾಸ್ಕ್ ಹಾಕಿ ಹೊರಗಿಡಲೇಬೇಕು. ಚಿನ್ನದ ಜರಿಗೆ ತೀವ್ರ ಹಳದಿ ಇರುವುದರಿಂದ ಹ್ಯೂ ಕೂಡ ಅದನ್ನು ಬಿಡುವುದಿಲ್ಲ.

ಇನ್ನು ಸಾಫ್ಟ್ ಲೈಟ್. ಇದರಲ್ಲಿ ಬಳಿದ ಬಣ್ಣದ ಅಂಕಿ 128ಕ್ಕಿಂತ ಹೆಚ್ಚಿದ್ದರೆ ಬಟ್ಟೆ ತುಸು ಬೆಳಗುತ್ತದೆ, ಕಡಿಮೆ ಇದ್ದರೆ ತುಸು ಕಪ್ಪಾಗುತ್ತದೆ, ಸರಿಯಾಗಿ ಅಷ್ಟೇ ಇದ್ದರೆ ಏನೂ ಆಗುವುದಿಲ್ಲ. ಬಟ್ಟೆಯ ಅಪ್ಪಟ ಬಿಳಿ, ಅಪ್ಪಟ ಕಪ್ಪು ಎರಡೂ ಅಲುಗಾಡುವುದಿಲ್ಲ. ನಡುವಿನ ಮಟ್ಟದಲ್ಲಿ ಮಾತ್ರ ಪರಿಣಾಮ ಜೋರು. ನಮ್ಮ ಬಿಳಿ ಅಂಗಿಗೆ ಮೆರೂನನ್ನು ಸಾಫ್ಟ್ ಲೈಟ್‌ನಲ್ಲಿ ಬಳಿದರೆ 230, 204, 205 ಬರುತ್ತದೆ. ಅದೂ ಗುಲಾಬಿಯೇ.

ಮುಖ್ಯವಾಗಿ, ಸಾಫ್ಟ್ ಲೈಟ್ ಹಳೆಯ ಬಣ್ಣವನ್ನು ಓಡಿಸುವುದಿಲ್ಲ, ಅದರೊಡನೆ ಬೆರೆಯುತ್ತದೆ. 110, 130, 160ರ ನೀಲಿ ಜೀನ್ಸ್ ಮೇಲೆ 150, 100, 50ರ ಕಂದು ಬಳಿದರೆ ಸಿಗುವುದು 120, 116, 124. ಜೀನ್ಸ್ ಕಂದು ಆಗಲಿಲ್ಲ, ನೀಲಿ ಇಳಿದು ಹಳೆಯ ಬೂದು ಜೀನ್ಸ್ ಆಯಿತು. ಅಷ್ಟೇ ಬೇಕಿದ್ದರೆ ಇದಕ್ಕಿಂತ ಒಳ್ಳೆಯ ಮೋಡ್ ಇಲ್ಲ. ಪೂರ್ತಿ ಬಣ್ಣ ಬದಲಿಸಬೇಕೆಂದು ಇದನ್ನು ಹಿಡಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಸಾಫ್ಟ್ ಲೈಟ್ ಹೆಚ್ಚಾಗಿ ಬರುವುದು ಎರಡನೇ ಲೇಯರ್ ಆಗಿ. ಕಲರ್ ಮೋಡ್‌ನಲ್ಲಿ ಬದಲಾದ ಬಟ್ಟೆ ಕೆಲವೊಮ್ಮೆ ಮೇಲೆ ಪುಡಿ ಉದುರಿಸಿದಂತೆ ಸಪ್ಪೆಯಾಗಿ ಕಾಣುತ್ತದೆ. ಅದೇ ಬಣ್ಣವನ್ನು ಇನ್ನೊಂದು ಲೇಯರ್‌ನಲ್ಲಿ ಸಾಫ್ಟ್ ಲೈಟ್ ಮಾಡಿ, ಒಪ್ಯಾಸಿಟಿಯನ್ನು 30 ಅಥವಾ 40ಕ್ಕೆ ಇಳಿಸಿಟ್ಟರೆ ಬಟ್ಟೆಗೆ ಜೀವ ಬರುತ್ತದೆ.

ನಾಲ್ಕೂ ಮೋಡ್‌ಗಳು ಕೈಚೆಲ್ಲುವ ಸಂದರ್ಭವೂ ಒಂದಿದೆ: ಕಡು ಬಣ್ಣದ ಬಟ್ಟೆಯನ್ನು ತಿಳಿ ಬಣ್ಣಕ್ಕೆ ತರುವುದು. 200, 0, 0ರ ಕೆಂಪಿನ ಬೆಳಕಿನ ಮಟ್ಟ ಬರೀ 60. ಅರಿಸಿನದಂಥ 255, 220, 0ರ ಹಳದಿಯ ಮಟ್ಟ 206. ಕಲರ್ ಮೋಡ್ ಬೆಳಕನ್ನು ಮುಟ್ಟುವುದಿಲ್ಲವಾದ್ದರಿಂದ ಸಿಗುವುದು 74, 64, 0, ಅಂದರೆ ಕೆಸರಿನಂಥ ಕಪ್ಪು ಹಸಿರು. ಮಲ್ಟಿಪ್ಲೈ ಎಂದೂ ಬೆಳಕನ್ನು ಹೆಚ್ಚಿಸುವುದಿಲ್ಲ, ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಬೇಕಾದ ಹಳದಿ ಬರಬೇಕಾದರೆ ಬಣ್ಣದ ಲೇಯರ್‌ನ ಕೆಳಗೆ ಕರ್ವ್ಸ್ ಇಟ್ಟು ಬಟ್ಟೆಯ ಬೆಳಕನ್ನು ಮೊದಲು ಮೂರು ಪಟ್ಟಿಗೂ ಹೆಚ್ಚು ಎತ್ತಬೇಕು. ಅಷ್ಟು ಎತ್ತಿದಾಗ ನೆರಳಿನಲ್ಲಿ ಅಡಗಿದ್ದ ಕಾಳುಕಾಳು ಗದ್ದಲ, ಜೆಪೆಗ್‌ನ ಚೌಕಗಳು ಮೇಲೆದ್ದು ಬರುತ್ತವೆ. ಮೊಬೈಲ್ ಫೋಟೊಗಳಲ್ಲಿ ಇದು ಎದ್ದು ಕಾಣುತ್ತದೆ, ಕ್ಯಾಮೆರಾದ ರಾ ಫೈಲ್ ಇದ್ದರೆ ಸ್ವಲ್ಪ ಮಟ್ಟಿಗೆ ನಿಭಾಯಿಸಬಹುದು.

ಮೋಡ್ ಸರಿಯಾಗಿದ್ದರೂ ಬಣ್ಣ ಬದಲಿಸಿದ್ದು ಎರಡು ಕಡೆ ಸಿಕ್ಕಿಬೀಳುತ್ತದೆ. ಒಂದು, ಬಟ್ಟೆಯ ಅಂಚು. ಬಹುತೇಕ ಜೆಪೆಗ್ ಫೈಲುಗಳು ಜಾಗ ಉಳಿಸಲು ಬೆಳಕನ್ನು ಪೂರ್ತಿಯಾಗಿ, ಬಣ್ಣವನ್ನು ಕಡಿಮೆ ವಿವರದಲ್ಲಿ ಇಟ್ಟುಕೊಳ್ಳುತ್ತವೆ. ಆದ್ದರಿಂದ ಕೆಂಪು ಬಟ್ಟೆಯ ಕೆಂಪು ಅಂಚು ದಾಟಿ ಒಂದೆರಡು ಚುಕ್ಕೆಯಷ್ಟು ಹೊರಗೂ ಹರಡಿರುತ್ತದೆ. ಬಟ್ಟೆ ಹಸಿರಾದ ಮೇಲೆ ಸುತ್ತ ಕೆಂಪು ದಾರ ಹೊಲಿದಂತೆ ಕಾಣುವುದು ಇದರಿಂದಲೇ. ಕಲರ್ ಅಥವಾ ಹ್ಯೂ ಬಳಸಿದಾಗ ಮಾಸ್ಕನ್ನು ಒಂದೆರಡು ಚುಕ್ಕೆ ಹೊರಕ್ಕೆ ಚಾಚಿ, ಅಂಚನ್ನು ಮೆದು ಮಾಡಿದರೆ ಇದು ಹೋಗುತ್ತದೆ. ಮಲ್ಟಿಪ್ಲೈಯಲ್ಲಿ ಹಾಗೆ ಚಾಚಿದರೆ ಹಿನ್ನೆಲೆಯೂ ಕಪ್ಪಾಗುತ್ತದೆ, ಅಲ್ಲಿ ಮಾಸ್ಕ್ ಅಂಚಿಗೇ ನಿಲ್ಲಬೇಕು.

ಇನ್ನೊಂದು ಗದ್ದದ ಕೆಳಭಾಗ. ಬಿಸಿಲಿನಲ್ಲಿ ನಿಂತವರ ಕೆಂಪು ಕುರ್ತಾ ತನ್ನ ಕೆಂಪನ್ನು ಕುತ್ತಿಗೆಗೂ ಗದ್ದಕ್ಕೂ ಎರಚಿರುತ್ತದೆ. ಕುರ್ತಾ ಹಸಿರಾಗಿ ಗದ್ದದ ಕೆಳಗೆ ಕೆಂಪು ಉಳಿದರೆ, ಯಾಕೆಂದು ಹೇಳಲು ಬಾರದವರಿಗೂ ಚಿತ್ರದಲ್ಲಿ ಏನೋ ಸರಿಯಿಲ್ಲ ಎನಿಸುತ್ತದೆ. ಅಲ್ಲಿ ಹೊಸ ಲೇಯರ್ ಮಾಡಿ, ಅದೇ ಮುಖದ ಬೇರೆ ಕಡೆಯ ಚರ್ಮದ ಬಣ್ಣವನ್ನು ಕಲರ್ ಮೋಡ್‌ನಲ್ಲಿ ತೆಳ್ಳಗೆ ಸವರಿದರೆ ಸಾಕು.

ಒಟ್ಟಿನಲ್ಲಿ ಬಿಳಿ ಅಥವಾ ತಿಳಿ ಬೂದು ಬಟ್ಟೆಗೆ ಮಲ್ಟಿಪ್ಲೈ, ಒಂದೇ ಬೆಳಕಿನ ಮಟ್ಟದ ಬಣ್ಣದಿಂದ ಬಣ್ಣಕ್ಕೆ ಕಲರ್, ಬಿಳಿ ಕಪ್ಪು ವಿನ್ಯಾಸ ಹಾಗೇ ಉಳಿಯಬೇಕಿದ್ದರೆ ಹ್ಯೂ, ಛಾಯೆ ತುಸು ತಿರುಗಿಸಲು ಅಥವಾ ಸಪ್ಪೆ ಬಟ್ಟೆಗೆ ಕಸುವು ತುಂಬಲು ಸಾಫ್ಟ್ ಲೈಟ್. ಮಾರಾಟಕ್ಕಾಗಿ ಫೋಟೊ ತೆಗೆಸುವವರು ಆರೂ ಬಣ್ಣಗಳಲ್ಲಿ ಅತಿ ತಿಳಿಯಾದ ಬಟ್ಟೆಯನ್ನೇ ಕ್ಯಾಮೆರಾ ಮುಂದಿಟ್ಟರೆ ಉಳಿದವಕ್ಕೆ ದಾರಿ ಸಲೀಸು. ಕೊನೆಯ ಚಿತ್ರವನ್ನು ನಿಜವಾದ ಬಟ್ಟೆಯ ತುಂಡಿನ ಪಕ್ಕ ಹಿಡಿದು ನೋಡಿಯೇ ಗಿರಾಕಿಗೆ ಕಳಿಸಬೇಕು. ಕೈಯಲ್ಲಿರುವುದು ಕಪ್ಪು ಬಟ್ಟೆಯ ಫೋಟೊ ಒಂದೇ ಆಗಿದ್ದು, ತಿಳಿ ಹಳದಿ ಬೇಕಿದ್ದರೆ, ಹಳದಿ ಬಟ್ಟೆಯನ್ನೇ ತಂದು ಮತ್ತೆ ಫೋಟೊ ತೆಗೆಯುವುದು ಕಡಿಮೆ ಹೊತ್ತಿನ ಕೆಲಸ.